ನಲ್ಲಿ ನಿಂತೊಡನೆ ಗೋಡೆಯೊಳಗೆ ‘ಢಬ್’: ಪೈಪಿನ ಬಡಿತಕ್ಕೆ ಮದ್ದು

ಟ್ಯಾಂಕಿನ ಬಳಿ ಪ್ರೆಷರ್ ಪಂಪು ಕೂರಿಸಿದ ವಾರದಲ್ಲೇ ನಮ್ಮ ಮನೆಯಲ್ಲಿ ಈ ಕಾಟ ಶುರುವಾಯಿತು. ವಾಷಿಂಗ್ ಮಷಿನ್ ನೀರು ನಿಲ್ಲಿಸಿದಾಗಲೆಲ್ಲ ಗೋಡೆಗೆ ಸುತ್ತಿಗೆ ಬಿದ್ದಂತೆ ಸದ್ದು. ‘ಪೈಪಿನಲ್ಲಿ ಗಾಳಿ ಸೇರಿದೆ’ ಎಂದ ಪ್ಲಂಬರು ಎಲ್ಲ ನಲ್ಲಿಗಳನ್ನೂ ತಿರುಗಿಸಿ, ದುಡ್ಡು ಪಡೆದು ಹೋದರು. ಸದ್ದು ಹೋಗಲಿಲ್ಲ. ನಲ್ಲಿ ಮುಚ್ಚುವ ಕಡೆ ಒಂದಿಷ್ಟು ಗಾಳಿ ಇದ್ದಿದ್ದರೆ ಅದೇ ದಿಂಬಿನಂತೆ ಹೊಡೆತವನ್ನು ನುಂಗಿಕೊಳ್ಳುತ್ತಿತ್ತು!

ನೀರನ್ನು ಅದುಮಿ ಕುಗ್ಗಿಸಲು ಬಹುತೇಕ ಆಗದು. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಓಡುವ ನೀರನ್ನು ಥಟ್ಟನೆ ತಡೆದರೆ ಕಬ್ಬಿಣದ ಪೈಪಿನಲ್ಲಿ ಒತ್ತಡ ಕ್ಷಣಕಾಲ ಸುಮಾರು 13 ಬಾರ್‌ನಷ್ಟು ಏರುತ್ತದೆ. ಹತ್ತು ಮೀಟರ್ ಎತ್ತರದ ಟ್ಯಾಂಕು ಕೊಡುವುದು ಬರೀ 1 ಬಾರ್. ಪ್ಲಾಸ್ಟಿಕ್ ಪೈಪು ತುಸು ಹಿಗ್ಗುವುದರಿಂದ ಅದರಲ್ಲಿ ಏಟು ಕಡಿಮೆ.

ಮೊದಲು ಹೊರಗೆ ಕಾಣುವ ಪೈಪನ್ನು ಕೈಯಿಂದ ಅಲುಗಿಸಿ ನೋಡಿ. ಅಲುಗಿದರೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕ್ಲಾಂಪ್ ಬಿಗಿಯಿರಿ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕೈಯಿಂದ ತಿರುಗಿಸುವ ನಲ್ಲಿಯನ್ನಾದರೆ ನಿಧಾನವಾಗಿ ಮುಚ್ಚಬಹುದು. ಮಷಿನ್ನಿನ ವಿದ್ಯುತ್ ವಾಲ್ವ್ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಬಿಡುತ್ತದೆ. ಆದ್ದರಿಂದ ನೀರಿನ ವೇಗವನ್ನೇ ತಗ್ಗಿಸಬೇಕು. ಮಷಿನ್ನಿಗೆ ಸೇರುವ ಕೊಳವೆಯ ತುದಿ ಬಿಚ್ಚಿ 10 ಲೀಟರಿನ ಬಕೆಟ್ಟಿಗೆ ಬಿಡಿ, ಗಡಿಯಾರ ನೋಡಿ. ನಮ್ಮಲ್ಲಿ 40 ಸೆಕೆಂಡಿಗೆ ತುಂಬಿತು. ಅರ್ಧ ಇಂಚಿನ ಪೈಪಿಗೆ ಅದು ಸೆಕೆಂಡಿಗೆ ಸುಮಾರು 1.4 ಮೀಟರ್ ವೇಗ. ಮಷಿನ್ನಿನ ಹಿಂದಿನ ನಲ್ಲಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಬಕೆಟ್ ತುಂಬಲು 75 ಸೆಕೆಂಡ್ ಹಿಡಿಯುವಂತೆ ಮಾಡಿದೆ. ವೇಗ ಹೆಚ್ಚುಕಡಿಮೆ ಅರ್ಧವಾಯಿತು, ಏಟೂ ಅಷ್ಟೇ ತಗ್ಗಿತು. ಇನ್ನೂ ಹಿಡಿದರೆ ‘ನೀರು ಬರುತ್ತಿಲ್ಲ’ ಎಂದು ಮಷಿನ್ನೇ ತಕರಾರು ತೆಗೆಯುತ್ತದೆ. ಸರಿಹೋದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿಡಿ. ಇಲ್ಲದಿದ್ದರೆ ಒಬ್ಬರಲ್ಲ ಒಬ್ಬರು ಅದನ್ನು ಪೂರ್ತಿ ತೆರೆದೇ ತೆರೆಯುತ್ತಾರೆ.

ಸದ್ದು ಇನ್ನೂ ಉಳಿದರೆ ‘ವಾಟರ್ ಹ್ಯಾಮರ್ ಅರೆಸ್ಟರ್’ ತನ್ನಿ. ಒಳಗೆ ಗಾಳಿ ತುಂಬಿ ಪಿಸ್ಟನ್ ಕೂರಿಸಿದ ಗಿಡ್ಡ ಡಬ್ಬಿ ಅದು. ನಲ್ಲಿಗೂ ಕೊಳವೆಗೂ ನಡುವೆ ಕೂರಿಸಿ. ಟ್ಯಾಂಕಿನ ಬಳಿ ಹಾಕಿದರೆ ದಂಡ. ಕೊಳವೆಯ ತಿರುಪಿಗೆ ಟೆಫ್ಲಾನ್ ಟೇಪು ಸುತ್ತುವ ಚಟ ಬಿಡಿ, ಅಲ್ಲಿ ನೀರು ತಡೆಯುವುದು ಒಳಗಿನ ರಬ್ಬರ್ ವಾಷರ್. ದುಡ್ಡು ಉಳಿಸಲು ಮುಚ್ಚಳ ಹಾಕಿದ ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸುವವರಿದ್ದಾರೆ. ಅದರೊಳಗಿನ ಗಾಳಿ ಕ್ರಮೇಣ ನೀರಿನಲ್ಲಿ ಕರಗಿ ಮತ್ತೆ ಅದೇ ರಾಗ. ನಾನಂತೂ ಹಾಕಿಸುವುದಿಲ್ಲ.

ಸದ್ದು ಬರುವುದು ನಲ್ಲಿ ಮುಚ್ಚಿದಾಗಲ್ಲ, ಪಂಪು ನಿಂತಾಗ ಎಂದಾದರೆ ಮೇಲಿನ ಯಾವುದೂ ಬೇಡ. ಹಿಂದಕ್ಕೆ ನುಗ್ಗುವ ನೀರು ಪಂಪಿನ ನಾನ್ ರಿಟರ್ನ್ ವಾಲ್ವಿನ ಬಾಗಿಲನ್ನು ಬಡಿಯುತ್ತಿದೆ. ಅದನ್ನು ತೆಗೆಸಿ ಸ್ಪ್ರಿಂಗ್ ಇರುವುದನ್ನು ಹಾಕಿಸಿ.