ಪರಿಚಯದ ಕೊನೆಯ ವಾಕ್ಯ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ಬೆಳೆಗಾರರ ಗುಂಪಿನಲ್ಲಿ ಮಳೆಗಾಲದ ಸಭೆಗಳೆಲ್ಲ ಜೂಮ್‌ನಲ್ಲೇ ನಡೆಯುತ್ತವೆ. ಬಂದ ತಜ್ಞರನ್ನು ಪರಿಚಯಿಸುವ ಕೆಲಸ ನನ್ನದು. ಮೊದಲ ವರ್ಷ ಒಂದು ಸಭೆಯಲ್ಲಿ ನಾನೂ ಅತಿಥಿಗಳೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸಿ, "ನೀವು ಹೇಳಿ ಸರ್", "ಇಲ್ಲ ನೀವು ಮುಗಿಸಿ" ಎನ್ನುವುದರಲ್ಲೇ ಒಂದು ನಿಮಿಷ ಹೋಯಿತು. ಕೇಳಲು ಕೂತ ಹಿರಿಯರು ಅಷ್ಟರಲ್ಲೇ ಬೇಸತ್ತಿದ್ದರು. ನನಗೆ ತುಂಬ ನೋವಾಯಿತು.

ಆಮೇಲೆ ರೆಕಾರ್ಡಿಂಗ್ ಕೇಳಿದಾಗ ಕಾರಣ ಸಿಕ್ಕಿತು. ಅವತ್ತಿನ ವಿಷಯ ಕಾಫಿ ಗಿಡದ ಕಾಂಡ ಕೊರೆಯುವ ಕೀಟ. ನಾನು ಹೇಳಿದ್ದು ವೇದಿಕೆಯ ವಾಕ್ಯ: "ಈಗ ಸರ್ ಅವರು ಬಿಳಿ ಕಾಂಡಕೊರಕದ ಬಗ್ಗೆ ತಮ್ಮ ಅನುಭವ ಹಂಚಿಕೊಳ್ಳಬೇಕೆಂದು ಎಲ್ಲರ ಪರವಾಗಿ ವಿನಂತಿಸಿಕೊಳ್ಳುತ್ತೇನೆ." ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಈಗ ಸರ್ ಅವರು" ಎಂದು ಕಿವಿಗೆ ಬಿದ್ದ ಕೂಡಲೇ ಅತಿಥಿಗಳಿಗೆ ಕರೆ ಬಂದಂತಾಗುತ್ತದೆ. ವಾಕ್ಯ ಇನ್ನೂ ಅರ್ಧ ಬಾಕಿ ಇರುವಾಗಲೇ ಅವರ "ನಮಸ್ಕಾರ" ಹೊರಡುತ್ತದೆ. ಎದುರಿಗಿದ್ದರೆ ಮುಖ ನೋಡಿ ತಡೆದುಕೊಳ್ಳುತ್ತಿದ್ದರು. ಇಲ್ಲಿ ಅವರ ದನಿ ನನಗೆ ತಲುಪುವ ಹೊತ್ತಿಗೆ ನಾನು ಮತ್ತೆ ನಾಲ್ಕು ಪದ ಮುಂದೆ ಹೋಗಿರುತ್ತೇನೆ. ಇಬ್ಬರ ದನಿ ಒಟ್ಟಿಗೆ ಬಂದರೆ ಪ್ರತಿಧ್ವನಿ ತಡೆಯುವ ವ್ಯವಸ್ಥೆ ಒಬ್ಬರ ದನಿಯನ್ನು ಅದುಮಿಬಿಡುವುದೂ ಉಂಟು.

ಈಗ ನಾನು ಮೊದಲು ವಿಳಂಬವನ್ನು ಅಳೆಯುತ್ತೇನೆ. ಹಿಂದಿನ ದಿನ ಅತಿಥಿಗಳ ಜೊತೆ ಐದು ನಿಮಿಷದ ಪರೀಕ್ಷೆ. ನಾನು ಒಂದು ಎನ್ನುತ್ತೇನೆ, ಅವರು ಎರಡು, ನಾನು ಮೂರು, ಹೀಗೆ ಹತ್ತರವರೆಗೆ, ತಡಮಾಡದೆ. ಮನೆಯಲ್ಲಿ ಎದುರು ಬದುರು ಕೂತು ಎಣಿಸಿದರೆ 5 ಸೆಕೆಂಡು ಸಾಕು. ಕಳೆದ ಸೆಪ್ಟೆಂಬರಿನ ಅತಿಥಿಗಳ ಜೊತೆ 14 ಸೆಕೆಂಡು ಬೇಕಾಯಿತು. ಅವರ "ಹತ್ತು" ನನಗೆ ಕೇಳಿಸುವವರೆಗೆ ಮಾತು 10 ಸಲ ಆ ಕಡೆ ಈ ಕಡೆ ದಾಟುತ್ತದೆ, ಹೆಚ್ಚಾದ ಹೊತ್ತು 9 ಸೆಕೆಂಡು. ಅಂದರೆ ಮಾತು ಒಂದು ಕಡೆ ತಲುಪಲು ಸುಮಾರು 1 ಸೆಕೆಂಡು, ಹೋಗಿ ಉತ್ತರ ಬರಲು 2. ಒಳ್ಳೆಯ ಸಂಪರ್ಕದಲ್ಲಿ ಇದು ಅರ್ಧ ಸೆಕೆಂಡೂ ಆಗುವುದಿಲ್ಲ. ಗಾಳಿಮಳೆಯಲ್ಲಿ ಮೊಬೈಲ್ ಸಿಗ್ನಲ್ ನಂಬಿ ಕೂತರೆ ಹೀಗಾಗುತ್ತದೆ. ಬ್ಲೂಟೂತ್ ಬಿಟ್ಟು ತಂತಿಯ ಹೆಡ್‌ಫೋನ್ ಹಾಕಿಕೊಂಡರೆ ವಿಳಂಬ ಸ್ವಲ್ಪ ಕಡಿಮೆಯಾಗುತ್ತದೆ.

ಕೊನೆಯ ವಾಕ್ಯವನ್ನು ತಿರುವಿ ಹಾಕಿದೆ. "ಬಿಳಿ ಕಾಂಡಕೊರಕದ ಬಗ್ಗೆ ಇನ್ನು ಮಾತು ನಿಮ್ಮದು, ಸರ್." ಕರೆಯುವ ಪದ ಕಟ್ಟಕಡೆಗೆ, ಅದರ ನಂತರ ನನ್ನ ಬಾಯಿಂದ ಏನೂ ಇಲ್ಲ. ತಕ್ಷಣ ಮ್ಯೂಟ್ ಒತ್ತಿ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತೇನೆ. ಆ ಮೌನ ಮೊದಮೊದಲು ಭಯ ಹುಟ್ಟಿಸುತ್ತದೆ. "ಸರ್, ಕೇಳಿಸ್ತಿದೆಯಾ?" ಎಂದು ಬಾಯಿ ತೆರೆಯಬೇಕೆನ್ನಿಸುತ್ತದೆ. ತೆರೆದರೆ ಅದು ನೇರವಾಗಿ ಅವರ ಮೊದಲ ಮಾತಿನ ಮೇಲೆ ಬೀಳುತ್ತದೆ. ಈ ವಾಕ್ಯ ಹೀಗೇ ಇರುತ್ತದೆ ಎಂದು ಅತಿಥಿಗಳಿಗೂ ಹಿಂದಿನ ದಿನವೇ ಹೇಳಿರುತ್ತೇನೆ.

ಸ್ಕ್ರೀನ್ ಹಂಚುವುದನ್ನು ಅತಿಥಿಗಳಿಗೆ ಬಿಡುವುದಿಲ್ಲ. ಸಿಗ್ನಲ್ ಬಡವಾಗಿರುವಾಗ ಅವರ ಕಡೆಯಿಂದ ಚಿತ್ರವೂ ದನಿಯೂ ಒಟ್ಟಿಗೆ ಹೊರಡಬೇಕಾದರೆ ದನಿ ಕಡಿಯುತ್ತದೆ. ಸ್ಲೈಡ್‌ಗಳನ್ನು ಪಿಡಿಎಫ್ ಮಾಡಿಸಿ ತರಿಸಿಕೊಂಡು ನಾನೇ ತೋರಿಸುತ್ತೇನೆ, ಅವರು "ಮುಂದೆ" ಅಂದರೆ ಸಾಕು. ಇಡೀ ಡೆಸ್ಕ್‌ಟಾಪ್ ಅಲ್ಲ, ಆ ಒಂದು ಕಿಟಕಿ ಮಾತ್ರ. ಪರಿಚಯ ಶುರುವಾಗುವ ಮೊದಲೇ ಅವರ ಹೆಸರಿರುವ ಮೊದಲ ಸ್ಲೈಡ್ ಪರದೆಯ ಮೇಲಿರಬೇಕು. ಮಾತು ಕೊಟ್ಟ ಮೇಲೆ ಸ್ಲೈಡ್ ಹುಡುಕುತ್ತ ಕೂತರೆ ಎಣಿಸಿಟ್ಟ ಮೌನವೆಲ್ಲ ವ್ಯರ್ಥ.

ಚಾಟ್ ನೋಡಲು ನನ್ನ ತಂಗಿಯ ಮಗಳಿದ್ದಾಳೆ. ಕುಶಾಲನಗರದ ತನ್ನ ಮನೆಯಿಂದಲೇ ಸಾಮಾನ್ಯ ಕೇಳುಗರಂತೆ ಫೋನಿನಲ್ಲಿ ಸೇರಿಕೊಳ್ಳುತ್ತಾಳೆ. ಸ್ಲೈಡ್ ನಿಜವಾಗಿ ಕಾಣುತ್ತಿದೆಯೇ ಎಂಬುದು ಅವಳ ಪರದೆಯಲ್ಲೇ ಗೊತ್ತಾಗುವುದು, ಹಾಗಾಗಿ ಅರವತ್ತು ಜನರನ್ನು "ಕಾಣಿಸ್ತಿದೆಯಾ?" ಎಂದು ಕೇಳಬೇಕಿಲ್ಲ. ಪರಿಚಯದ ಹೊತ್ತಿಗೆ ಚಾಟ್‌ನಲ್ಲಿ ನಮಸ್ಕಾರಗಳ ಸಾಲೇ ಇಳಿಯುತ್ತದೆ, ನಡುವೆ "ಸೌಂಡ್ ಬರ್ತಿಲ್ಲ" ಎಂಬುದೂ ಬರುತ್ತದೆ. ಒಬ್ಬರು ಬರೆದರೆ ತೊಂದರೆ ಹೆಚ್ಚಾಗಿ ಅವರ ಫೋನಿನದು, ಅವಳೇ ಉತ್ತರ ಕೊಡುತ್ತಾಳೆ. ಅರ್ಧ ನಿಮಿಷದೊಳಗೆ ಮೂವರು ಬರೆದರೆ ಮಾತ್ರ ನನಗೆ ವಾಟ್ಸಾಪ್‌ನಲ್ಲಿ ಒಂದೇ ಪದ: "ದನಿ". ಪಕ್ಕದಲ್ಲಿಟ್ಟ ಫೋನಿನಲ್ಲಿ ಅದು ಕಂಡರೆ ಮಾತ್ರ ನಿಲ್ಲಿಸುತ್ತೇನೆ. ಚಾಟ್ ಕಿಟಕಿಯನ್ನು ನಾನು ತೆರೆಯುವುದೇ ಇಲ್ಲ. ಓದುತ್ತ ಪರಿಚಯ ಹೇಳಿದರೆ ದನಿಯಲ್ಲೇ ತಿಳಿಯುತ್ತದೆ, ಬಂದವರಿಗೆ ಅದು ಅಗೌರವ.

ಸೆಪ್ಟೆಂಬರಿನ ಆ ಸಂಜೆ ಮಳೆ ಹೊಯ್ಯುತ್ತಿತ್ತು. ಅಕ್ಟೋಬರಿನಿಂದ ಕಾಂಡಕೊರಕದ ಜೀರುಂಡೆ ಹೊರಬರುವ ಕಾಲ, ಅದಕ್ಕೆ ಮೊದಲು ಕೊರಕ ಹೊಕ್ಕ ಗಿಡ ಗುರುತಿಸುವುದನ್ನು ಎಲ್ಲರೂ ಕೇಳಲೇಬೇಕಿತ್ತು. "ಮಾತು ನಿಮ್ಮದು, ಸರ್" ಎಂದು ಮ್ಯೂಟ್ ಒತ್ತಿದೆ. ಒಂದು, ಎರಡು. ಮೂರು ಎಣಿಸುವಷ್ಟರಲ್ಲಿ "ಎಲ್ಲರಿಗೂ ನಮಸ್ಕಾರ" ಎಂಬ ಅವರ ದನಿ ಮೊದಲ ಅಕ್ಷರದಿಂದಲೇ ಸ್ಪಷ್ಟವಾಗಿ ಬಂತು. ನಾನು ಎರಡನೇ ಸ್ಲೈಡಿಗೆ ಹೋದೆ.