ಜಪಾನಿನ ಹಾಲಿನ ಪುಡಿ ಡಬ್ಬವನ್ನು ಫೋಟೊದಲ್ಲಿ ನಾನು ಓದುವ ಬಗೆ

ನಾನಿರುವುದು ಟೋಕಿಯೋದ ಎದೊಗಾವಾದಲ್ಲಿ. ಇಲ್ಲಿನ ನಿಷಿಕಾಸಾಯ್ ಸುತ್ತಮುತ್ತ ನಮ್ಮ ದೇಶದವರು ಜಾಸ್ತಿ, ಕನ್ನಡದ ಮನೆಗಳೂ ಇವೆ. ನನಗೆ ಜಪಾನಿ ಓದಲು ಬರುತ್ತದೆ ಅಂತ ಗೊತ್ತಾದ ಮೇಲೆ, ಹೆರಿಗೆಯಾದ ಮನೆಗಳಿಂದ ಹಾಲಿನ ಪುಡಿ ಡಬ್ಬದ ಫೋಟೊಗಳು ಬರತೊಡಗಿದವು. "ಅಕ್ಕಾ, ಇದರಲ್ಲಿ ಏನು ಬರೆದಿದೆ, ಸ್ವಲ್ಪ ಹೇಳ್ತೀರಾ?"

ಹೀಗೆ ಕೇಳುವವರು ಅಂಕಿಗಳನ್ನು ಆಗಲೇ ಓದಿಕೊಂಡಿರುತ್ತಾರೆ. 70, 20, 120 ಎಲ್ಲರಿಗೂ ಕಾಣುತ್ತದೆ. ಕಷ್ಟ ಇರುವುದು ಆ ಅಂಕಿ ಯಾವುದರದ್ದು ಅನ್ನುವುದರಲ್ಲಿ. 70 ಡಿಗ್ರಿ ಯಾವ ಹೊತ್ತಿನದು? 120 ಮಿಲಿ ಅಂದರೆ ನೀರೋ, ಕಲಸಿದ ಹಾಲೋ? ನಾನು ಹೆಚ್ಚು ಹೊತ್ತು ಕಳೆಯುವುದು ಇದರ ಮೇಲೆಯೇ.

ಮೊದಲು ಫೋಟೊ ಸರಿಯಾಗಿರಬೇಕು. ಡಬ್ಬ ದುಂಡಗಿರುತ್ತದೆ, ಅಳತೆಯ ಪಟ್ಟಿ ಅದರ ಸುತ್ತ ಬಾಗಿರುತ್ತದೆ. ಎದುರಿನಿಂದ ಒಂದೇ ಫೋಟೊ ತೆಗೆದರೆ ಪಟ್ಟಿಯ ಬಲಗಡೆಯ ಸಾಲು ಅಂಚಿಗೆ ಹೋಗಿ ಮಸುಕಾಗುತ್ತದೆ. ಎಷ್ಟು ಚಮಚ ಅನ್ನುವುದು ಅಲ್ಲೇ ಇದ್ದರೆ ಓದಿ ಏನು ಪ್ರಯೋಜನ? ಹಾಗಾಗಿ ಡಬ್ಬವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಒಂದು ಫೋಟೊದ ಅಂಚು ಇನ್ನೊಂದರಲ್ಲೂ ಬರುವ ಹಾಗೆ ತೆಗೆಯಲು ಹೇಳುತ್ತೇನೆ. ಫ್ಲ್ಯಾಷ್ ಬೇಡ, ತಗಡು ಹೊಳೆದು ಅಕ್ಷರ ಅಳಿಸಿಹೋಗುತ್ತದೆ. ಕಿಟಕಿಯ ಬೆಳಕು ಸಾಕು. ಜೊತೆಗೆ ಡಬ್ಬದ ಮುಂಭಾಗ, ತಳದಲ್ಲಿರುವ ದಿನಾಂಕ ಮತ್ತು ಒಳಗಿರುವ ಚಮಚದ ಫೋಟೊ ಕೂಡ ಬೇಕು. ಇಲ್ಲಿ ದಿನಾಂಕದಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ.

ಮುಂಭಾಗದಲ್ಲಿ ನೋಡುವುದು ವಯಸ್ಸು. ಹುಟ್ಟಿದ ಮಗುವಿನ ಪುಡಿಯ ಮೇಲೆ 0 ತಿಂಗಳಿನಿಂದ ಅಂತ ಇರುತ್ತದೆ. ಅದೇ ಕಂಪನಿಯ, ಹೆಚ್ಚುಕಡಿಮೆ ಅದೇ ರೂಪದ ಇನ್ನೊಂದು ಡಬ್ಬ 9 ತಿಂಗಳ ಅಥವಾ 1 ವರ್ಷದ ಮೇಲಿನ ಮಕ್ಕಳದ್ದಾಗಿರಬಹುದು. ಅದು ಎಳೆ ಮಗುವಿಗೆ ಆಗುವುದಿಲ್ಲ. ಇದು ಖಚಿತವಾಗುವ ತನಕ ನಾನು ಹಿಂಭಾಗ ಓದುವುದಿಲ್ಲ.

ಒಂದು ಮನೆಯ ವಿಷಯ ವಿವರವಾಗಿ ಹೇಳುತ್ತೇನೆ. ಮಗುವಿಗೆ ಒಂದು ತಿಂಗಳು ತುಂಬಿತ್ತು. ಬಾಣಂತನಕ್ಕೆ ದಾವಣಗೆರೆಯಿಂದ ಅತ್ತೆ ಬಂದಿದ್ದರು, ಬರುವಾಗ ಊರಿನ ಹಾಲಿನ ಪುಡಿಯನ್ನೂ ತಂದಿದ್ದರು. ಅದು ಮುಗಿದು ಇಲ್ಲಿನ ಡಬ್ಬ ಕೊಂಡಿದ್ದರು. ಊರಿನ ಡಬ್ಬದ ಲೆಕ್ಕ ಅವರಿಗೆ ಬಾಯಿಪಾಠ: ನೀರು ಕುದಿಸಿ, ಉಗುರುಬೆಚ್ಚಗೆ ಆರಿಸಿ, 30 ಮಿಲಿ ನೀರಿಗೆ ಒಂದು ಚಮಚ. ಫೋಟೊದಲ್ಲಿ ನೋಡಿದರೆ ಹೊಸ ಡಬ್ಬದಲ್ಲಿ ಎರಡು ಚಮಚಗಳಿದ್ದವು. ಊರಿನ ಚಮಚವನ್ನೂ ತೊಳೆದು ಒರೆಸಿ ಅದರೊಳಗೇ ಹಾಕಿಟ್ಟಿದ್ದರು.

ಹೊಸ ಡಬ್ಬ ಹೇಳುತ್ತಿದ್ದುದು ಬೇರೆ ಲೆಕ್ಕ. ಅಲ್ಲಿ ಒಂದು ಚಮಚಕ್ಕೆ 20 ಮಿಲಿ. ಆ 20 ಮಿಲಿ ನೀರಿನ ಅಳತೆಯೂ ಅಲ್ಲ, ಪುಡಿ ಕರಗಿ ಸಿದ್ಧವಾದ ಹಾಲಿನ ಅಳತೆ. ಡಬ್ಬದಲ್ಲಿ ಇದನ್ನು 'ದೆಕಿಅಗರಿ' ಅನ್ನುತ್ತಾರೆ. ಅಂದರೆ 120 ಮಿಲಿ ಹಾಲಿಗೆ ಆರು ಚಮಚ ಪುಡಿ ಹಾಕಿ, ಬಾಟಲಿಯ 120ರ ಗೆರೆಗೆ ಬರುವಷ್ಟು ನೀರು ಸೇರಿಸಬೇಕು. 120 ಮಿಲಿ ನೀರು ಅಳೆದಿಟ್ಟು ಅದಕ್ಕೆ ಆರು ಚಮಚ ಹಾಕಿದರೆ ಮಟ್ಟ ಸುಮಾರು 130ಕ್ಕೆ ಏರುತ್ತದೆ, ಹಾಲು ಸ್ವಲ್ಪ ತೆಳುವಾಗುತ್ತದೆ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಊರಿನ ಲೆಕ್ಕ ಹಿಡಿದರೆ ಆಗುತ್ತದೆ. 120 ಮಿಲಿ ನೀರಿಗೆ, 30ಕ್ಕೆ ಒಂದರಂತೆ, ಇಲ್ಲಿನ ಚಮಚದಲ್ಲಿ ನಾಲ್ಕು ಹಾಕಿದರೆ ಪುಡಿ ಮೂರರಲ್ಲಿ ಒಂದು ಪಾಲು ಕಡಿಮೆ. ಮಗುವಿನ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ತೂಕ ಏರುವುದಿಲ್ಲ. ನೀರು ಜಾಸ್ತಿಯಾಗಿ ರಕ್ತದಲ್ಲಿ ಸೋಡಿಯಂ ಕುಸಿಯಬಹುದು. ತಿರುಗಾಮುರುಗಾ, ಊರಿನ ಚಮಚದಲ್ಲಿ ಇಲ್ಲಿನ ಲೆಕ್ಕದಂತೆ ಆರು ಹಾಕಿದರೆ ಹಾಲು ವಿಪರೀತ ಗಟ್ಟಿ. ಇಲ್ಲಿನ ಚಮಚ ಎರಡೂವರೆ ಗ್ರಾಂ ಚಿಲ್ಲರೆ ಹಿಡಿಯುತ್ತದೆ, ಊರಿನದು ನಾಲ್ಕೂವರೆ ಗ್ರಾಂ ಹತ್ತಿರ. ಅಷ್ಟು ಗಟ್ಟಿ ಹಾಲು ಎಳೆಯ ಮೂತ್ರಪಿಂಡಕ್ಕೆ ಭಾರ, ಮಗುವಿನ ಮೈಯ ನೀರು ಒಣಗುತ್ತದೆ. ಆದ್ದರಿಂದ ನಾನು ಮೊದಲು ಹೇಳಿದ್ದು, ಆ ಎರಡನೇ ಚಮಚವನ್ನು ಮನೆಯಿಂದಲೇ ಆಚೆ ಹಾಕಿ ಅಂತ. ಯಾವ ಡಬ್ಬಕ್ಕೆ ಅದರದ್ದೇ ಚಮಚ.

ಚಮಚ ತುಂಬುವುದರಲ್ಲೂ ಕ್ರಮವಿದೆ. ಪುಡಿಯನ್ನು ಒತ್ತಿ ತುಂಬಬಾರದು, ಗೋಪುರವಾಗಿಯೂ ಬಿಡಬಾರದು. ಸಡಿಲವಾಗಿ ತುಂಬಿ, ಡಬ್ಬದ ಬಾಯಲ್ಲಿರುವ ಅಂಚಿಗೆ ಎಳೆದು ಮಟ್ಟ ಮಾಡಬೇಕು. ಎಣಿಸುವಾಗ ಯಾರಾದರೂ ಮಾತಾಡಿಸಿ ಲೆಕ್ಕ ತಪ್ಪಿದರೆ ಅಂದಾಜು ಬೇಡ, ಆ ಪುಡಿ ಚೆಲ್ಲಿ ಮತ್ತೆ ಎಣಿಸಿ. "ಮಗು ಅಳ್ತಿದೆ, ಒಂದು ಹೆಚ್ಚುಕಡಿಮೆಯಾದ್ರೆ ಏನಾಗುತ್ತೆ" ಅಂತ ಕೇಳುತ್ತಾರೆ. ದಿನಕ್ಕೆ ಆರೇಳು ಬಾಟಲಿ, ವಾರಗಟ್ಟಲೆ ಹೀಗೇ ಆದರೆ ಆಗುತ್ತದೆ.

ಇನ್ನು ನೀರಿನ ಬಿಸಿ. ಡಬ್ಬದಲ್ಲಿ 70 ಡಿಗ್ರಿ ಮತ್ತು ಅದಕ್ಕಿಂತ ಮೇಲೆ ಅಂತ ಸ್ಪಷ್ಟವಾಗಿದೆ. ಅತ್ತೆಯವರಿಗೆ ಇದೇ ಒಪ್ಪಿಗೆಯಾಗಲಿಲ್ಲ. "ಕುದಿಸಿದ್ದೀವಲ್ಲಮ್ಮ, ನೀರಲ್ಲಿ ಇನ್ನೇನು ಉಳಿದಿರುತ್ತೆ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಈ 70 ಡಿಗ್ರಿ ಇರುವುದು ನೀರಿಗಾಗಿ ಅಲ್ಲ, ಪುಡಿಗಾಗಿ. ಹಾಲಿನ ಪುಡಿ ಪೂರ್ತಿ ಕ್ರಿಮಿಮುಕ್ತವಲ್ಲ. ಕಾರ್ಖಾನೆಯಲ್ಲಿ ಎಷ್ಟು ಎಚ್ಚರ ವಹಿಸಿದರೂ ಕ್ರೋನೋಬ್ಯಾಕ್ಟರ್, ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅಪರೂಪಕ್ಕೆ ಅದರಲ್ಲಿ ಉಳಿಯಬಹುದು. ಒಣ ಪುಡಿಯಲ್ಲಿ ಅವು ಬದುಕಿಯೇ ಇರುತ್ತವೆ, ಉಗುರುಬೆಚ್ಚಗಿನ ನೀರು ಸಿಕ್ಕಿದರೆ ಬೆಳೆಯತೊಡಗುತ್ತವೆ. ಕ್ರೋನೋಬ್ಯಾಕ್ಟರ್ ಎಳೆ ಮಗುವಿನಲ್ಲಿ ರಕ್ತದ ಸೋಂಕು, ಮಿದುಳಿನ ಪೊರೆಯ ಸೋಂಕು ತರಬಲ್ಲದು. ಎರಡು ತಿಂಗಳೊಳಗಿನ ಮಕ್ಕಳಿಗೆ, ದಿನ ತುಂಬದೆ ಹುಟ್ಟಿದವರಿಗೆ ಅಪಾಯ ಹೆಚ್ಚು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಸೇರಿ ಕೊಟ್ಟ ಸೂಚನೆಯಲ್ಲೂ 70 ಡಿಗ್ರಿಗೆ ಕಡಿಮೆಯಿಲ್ಲದ ನೀರು ಅಂತಲೇ ಇದೆ.

ಇಲ್ಲಿ ಬಹಳ ಮನೆಗಳಲ್ಲಿ ಬಿಸಿನೀರಿನ ಕರೆಂಟ್ ಪಾಟ್ ಇರುತ್ತದೆ. ನೀರು ಕುದಿಸಿ, ಆಮೇಲೆ 70, 80, 90 ಹೀಗೆ ಹೇಳಿದಷ್ಟು ಬಿಸಿಯಲ್ಲಿ ಇಟ್ಟುಕೊಳ್ಳುತ್ತದೆ. ಡಬ್ಬದಲ್ಲಿ 70 ಇದೆ ಅಂತ ಪಾಟನ್ನೂ 70ಕ್ಕೇ ಇಡುತ್ತಾರೆ. ತಣ್ಣಗಿನ ಬಾಟಲಿಗೆ ಸುರಿದ ಕೂಡಲೇ ಅದು ಇಳಿದಿರುತ್ತದೆ. 80ಕ್ಕೆ ಇಡಿ ಅಂತ ನಾನು ಹೇಳುತ್ತೇನೆ. ಪಾಟ್ ಇಲ್ಲದಿದ್ದರೆ ಕನಿಷ್ಠ ಒಂದು ಲೀಟರ್ ನೀರು ಕುದಿಸಿ, ಅರ್ಧ ಗಂಟೆಯೊಳಗೆ ಬಳಸಬೇಕು. ಒಂದು ಲೋಟದಷ್ಟೇ ಕುದಿಸಿದರೆ ಬೇಗ ಆರಿಬಿಡುತ್ತದೆ.

ಆ ಮನೆಗೆ ನಾನು ಕನ್ನಡದಲ್ಲಿ ಬರೆದುಕೊಟ್ಟ ಕ್ರಮ ಹೀಗಿತ್ತು. ಕುದಿಸಿ ಶುಚಿ ಮಾಡಿದ ಬಾಟಲಿಗೆ ಆರು ಚಮಚ ಪುಡಿ. ಪಾಟಿನಿಂದ ಬಿಸಿನೀರು 80ರ ಗೆರೆಯ ತನಕ, ಅಂದರೆ ಬೇಕಾದ ಹಾಲಿನ ಮೂರರಲ್ಲಿ ಎರಡು ಪಾಲು. ಮುಚ್ಚಳ ಹಾಕಿ ಬಾಟಲಿಯನ್ನು ದುಂಡಗೆ ಆಡಿಸಿ ಗಂಟಿಲ್ಲದಂತೆ ಕರಗಿಸಿ. ಜೋರಾಗಿ ಕುಲುಕಿದರೆ ನೊರೆ ಬರುತ್ತದೆ. ಆಮೇಲೆ ಕುದಿಸಿ ಆರಿಸಿಟ್ಟ ನೀರನ್ನು 120ರ ಗೆರೆಯ ತನಕ ಸೇರಿಸಿ. ಗೆರೆ ನೋಡುವಾಗ ಬಾಟಲಿಯನ್ನು ಮೇಜಿನ ಮೇಲಿಟ್ಟು, ಕಣ್ಣನ್ನು ಅದರ ಮಟ್ಟಕ್ಕೆ ತಂದು ನೋಡಿ. ನೊರೆಯ ಮೇಲಿನ ಮಟ್ಟ ಅಲ್ಲ, ಅದರ ಕೆಳಗಿನ ಹಾಲಿನ ಮಟ್ಟ. ಪುಡಿ ಬಿಸಿನೀರಿನಲ್ಲಿ ಆಗಲೇ ಕರಗಿರುವುದರಿಂದ ಕೊನೆಗೆ ಆರಿದ ನೀರು ಸೇರಿಸಿದರೆ ತೊಂದರೆಯಿಲ್ಲ, ಹಾಲೂ ಬೇಗ ಹದಕ್ಕೆ ಬರುತ್ತದೆ. ಇನ್ನೂ ಬಿಸಿಯಿದ್ದರೆ ಮುಚ್ಚಳ ಹಾಕಿದ ಬಾಟಲಿಯನ್ನು ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಮಣಿಕಟ್ಟಿನ ಒಳಗಡೆ ಒಂದು ಹನಿ ಬಿಟ್ಟು, ಬಿಸಿ ಅನ್ನಿಸದೆ ಬೆಚ್ಚಗಿದ್ದರೆ ಮಾತ್ರ ಮಗುವಿಗೆ ಕೊಡಿ. ಈ ಪರೀಕ್ಷೆಯನ್ನು ಒಂದು ಸಲವೂ ಬಿಡಬಾರದು, 70 ಡಿಗ್ರಿ ಮಗುವಿನ ಬಾಯಿ ಸುಡುತ್ತದೆ.

ಕೊನೆಗೆ ಉಳಿದ ಹಾಲಿನ ಮಾತು. ಡಬ್ಬದಲ್ಲಿ ಒಂದೇ ಸಾಲು: ಕುಡಿದು ಉಳಿದದ್ದನ್ನು ಮತ್ತೆ ಕೊಡಬೇಡಿ. ಹಾಲು ಚೆಲ್ಲುವುದು ನಮ್ಮ ಮನೆಗಳಲ್ಲಿ ಯಾರಿಗೂ ಇಷ್ಟವಿಲ್ಲ, ಅತ್ತೆಯವರಿಗಂತೂ ಸಂಕಟವೇ ಆಯಿತು. ಮಗು 120ರಲ್ಲಿ 70 ಕುಡಿದು ಮಲಗಿಬಿಡುತ್ತಿತ್ತು. ಉಳಿದ 50ನ್ನು ಫ್ರಿಜ್‌ನಲ್ಲಿಟ್ಟು ಎದ್ದ ಮೇಲೆ ಕೊಡೋಣ ಅನ್ನುವುದು ಅವರ ವಾದ. ಮಗು ಬಾಯಿಟ್ಟ ಮೇಲೆ ಜೊಲ್ಲು ನಿಪ್ಪಲ್ ಮೂಲಕ ಬಾಟಲಿಯೊಳಗೆ ಹೋಗಿರುತ್ತದೆ, ಎಂಜಲಾದ ಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ ಅಂತ ವಿವರಿಸಿದೆ. ಫ್ರಿಜ್ ಆ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ ಅಷ್ಟೆ, ಬೆಳೆದದ್ದನ್ನು ಕೊಲ್ಲುವುದಿಲ್ಲ. ಮತ್ತೆ ಬೆಚ್ಚಗೆ ಮಾಡಿದರೆ ಇನ್ನೂ ಕೆಟ್ಟದ್ದು.

ನಾನು ಕೊಡುವ ಲೆಕ್ಕ ಎರಡು. ಮಗು ಬಾಯಿಟ್ಟಿದ್ದರೆ, ಕುಡಿಯಲು ಶುರುವಾದ ಹೊತ್ತಿನಿಂದ ಒಂದು ಗಂಟೆ, ಆಮೇಲೆ ಉಳಿದದ್ದು ಚೆಲ್ಲಬೇಕು. ಬಾಯಿಡದೆ ಹೊರಗೇ ಇದ್ದ ಹಾಲಾದರೆ, ಕಲಸಿದ ಹೊತ್ತಿನಿಂದ ಎರಡು ಗಂಟೆ. ಹಾಲು ಒಡೆದಿಲ್ಲ, ವಾಸನೆ ಬಂದಿಲ್ಲ ಅನ್ನುವುದು ಇಲ್ಲಿ ಸಾಕ್ಷಿಯಲ್ಲ. ರೋಗ ತರುವ ಬ್ಯಾಕ್ಟೀರಿಯಾ ಇದ್ದರೂ ಹಾಲು ನೋಡಲು, ಮೂಸಲು ಚೆನ್ನಾಗಿಯೇ ಇರಬಹುದು.

ಚೆಲ್ಲುವುದು ಕಡಿಮೆಯಾಗಲಿ ಅಂತ ದಾರಿಯನ್ನೂ ಹೇಳಿದೆ. ಒಂದೇ ಸಲ 120 ಕಲಸುವ ಬದಲು ನಾಲ್ಕು ಚಮಚದ 80 ಮಿಲಿ ಮಾಡಿ, ಮಗು ಇನ್ನೂ ಕೇಳಿದರೆ ಎರಡು ಚಮಚದ 40 ಮಾಡಿಕೊಡಿ. ರಾತ್ರಿಗೆ ಹಾಲು ಕಲಸಿಡಬೇಡಿ. ಒಣ ಡಬ್ಬಿಯಲ್ಲಿ ಎಣಿಸಿದ ಪುಡಿ ಇರಲಿ, ಪಾಟ್ ದೂರವಿದ್ದರೆ ಒಳ್ಳೆಯ ಫ್ಲಾಸ್ಕಿನಲ್ಲಿ ಕುದಿ ನೀರಿರಲಿ. ಅತ್ತೆಯವರು ಇದಕ್ಕೆ ಕೂಡಲೇ ಒಪ್ಪಿದರು, 40ರ ಬಾಟಲಿ ಮಾಡುವ ಕೆಲಸವನ್ನು ತಾವೇ ವಹಿಸಿಕೊಂಡರು.

ತೆರೆದ ಡಬ್ಬವನ್ನು ಒಂದು ತಿಂಗಳೊಳಗೆ ಮುಗಿಸಬೇಕು ಅಂತ ಕೆಳಗಡೆ ಸಣ್ಣ ಅಕ್ಷರದಲ್ಲಿತ್ತು. ಫ್ರಿಜ್‌ನಲ್ಲಿ ಇಡಬಾರದು, ತೇವ ಸೇರುತ್ತದೆ. ತೆರೆದ ದಿನವನ್ನು ಮುಚ್ಚಳದ ಮೇಲೆ ಬರೆಯಿರಿ ಅಂದೆ. ಮಗುವಿನ ತೂಕವನ್ನು ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ನೋಡಿಸಲೂ ಹೇಳಿದೆ. ತೂಕ ಏರದಿದ್ದರೆ, ಒದ್ದೆ ಡೈಪರ್ ಕಡಿಮೆಯಾದರೆ ಡಾಕ್ಟರಿಗೆ ತೋರಿಸಬೇಕು, ಡಬ್ಬದ ಲೆಕ್ಕದಲ್ಲಿ ಉತ್ತರ ಹುಡುಕಬಾರದು. ಡಾಕ್ಟರು ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಬೇಕು.

ಇದೇ ಮನೆಯವರು ಆಮೇಲೆ ಜರ್ಮನಿಯಿಂದ ನೆಂಟರು ತಂದ ಡಬ್ಬದ ಫೋಟೊ ಕಳಿಸಿದರು. ಅದರಲ್ಲಿ ಕುದಿಸಿದ ನೀರನ್ನು ಸುಮಾರು 40 ಡಿಗ್ರಿಗೆ ಆರಿಸಿ ಕಲಸಿ, ಕೂಡಲೇ ಕುಡಿಸಿ ಅಂತಿತ್ತು. ಅಳತೆಯ ಪಟ್ಟಿಯಲ್ಲಿ ನೀರಿಗೆ ಒಂದು ಸಾಲು, ಸಿದ್ಧ ಹಾಲಿಗೆ ಇನ್ನೊಂದು ಸಾಲು: 90 ಮಿಲಿ ನೀರು, ಮೂರು ಚಮಚ, ಆಗುವ ಹಾಲು 100. ನಾನು ಬರೆದುಕೊಟ್ಟ ಜಪಾನಿನ ಚೀಟಿ ಅಡುಗೆಮನೆಯ ಗೋಡೆಯ ಮೇಲೆ ಇನ್ನೂ ಅಂಟಿಕೊಂಡಿತ್ತು. ಅದನ್ನು ಮೊದಲು ತೆಗೆಯಿಸಿದೆ. ಮಗು ಇನ್ನೂ ಚಿಕ್ಕದು, 40 ಡಿಗ್ರಿಯ ಮಾತು ಪಾಲಿಸುವ ಮುಂಚೆ ಮಕ್ಕಳ ಡಾಕ್ಟರನ್ನು ಕೇಳಿ, ಅಲ್ಲಿಯ ತನಕ ಇಲ್ಲಿನ ಡಬ್ಬವನ್ನೇ ಮುಂದುವರಿಸಿ ಅಂದೆ.