ರೇಡಾರ್ ಪರದೆಯ ಫೋಟೊದಲ್ಲಿ ಮಳೆಯ ಜೋರನ್ನು ಅಳೆಯುವುದು

ರೇಡಾರ್ ಪರದೆಯ ಫೋಟೊ ಕಳಿಸಿ ‘ಇಲ್ಲಿ ಮಳೆ ಎಷ್ಟು ಜೋರಾಗಿದೆ?’ ಎಂದು ಯಾರಾದರೂ ಕೇಳಿದರೆ ನಾನು ಮೊದಲು ನೋಡುವುದು ನಕ್ಷೆಯ ಪಕ್ಕದಲ್ಲಿರುವ ಬರಹವನ್ನು. ಈಚೆಗೆ ಬಂದ ಒಂದು ಫೋಟೊದಲ್ಲಿ MAX(Z) ಎಂದಿತ್ತು, ಕೆಳಗೆ 250 ಕಿ.ಮೀ. ವ್ಯಾಪ್ತಿ, ಸಮಯ UTCಯಲ್ಲಿ, ಬಣ್ಣದ ಪಟ್ಟಿಯ ಮೇಲೆ ಮರಳಿದ ಪ್ರತಿಧ್ವನಿಯ ಬಲದ ಅಳತೆಯಾದ dBZ. ಸಮಯವನ್ನು ಸ್ಥಳೀಯ ಕಾಲಕ್ಕೆ ಬದಲಿಸಿದಾಗ ಚಿತ್ರ ಅರ್ಧ ಗಂಟೆ ಹಳೆಯದೆಂದು ಗೊತ್ತಾಯಿತು. ಪಟ್ಟಿಯನ್ನು ಕತ್ತರಿಸಿ ಕಳಿಸಿದ್ದರೆ ನಾನು ಉತ್ತರಿಸುತ್ತಲೇ ಇರಲಿಲ್ಲ. ಒಂದು ಪರದೆಯ ಕಿತ್ತಳೆ ಇನ್ನೊಂದರಲ್ಲಿ ಬೇರೆಯೇ ಅಂಕಿಯನ್ನು ಸೂಚಿಸಬಹುದು.

ಫೋಟೊದಲ್ಲಿ ಬಣ್ಣ ಬದಲಾಗಿರುತ್ತದೆ. ಕ್ಯಾಮೆರಾ ಬೆಳಕನ್ನು ತನ್ನಷ್ಟಕ್ಕೆ ಹೊಂದಿಸಿಕೊಳ್ಳುತ್ತದೆ, ಪರದೆಯ ಮೇಲೆ ಕೋಣೆಯ ದೀಪ ಪ್ರತಿಫಲಿಸುತ್ತದೆ, ಹಳದಿ ಬಿಳಿಯ ಕಡೆಗೆ ವಾಲುತ್ತದೆ. ಆದ್ದರಿಂದ ನೆನಪಿನಲ್ಲಿರುವ ಬಣ್ಣಗಳನ್ನು ನಂಬದೆ, ಅದೇ ಫೋಟೊದ ಪಟ್ಟಿಯಿಂದ ಒಂದೊಂದು ತುಂಡನ್ನು ಕತ್ತರಿಸಿ ಮಳೆಯ ಗುರುತಿನ ಪಕ್ಕಕ್ಕಿಟ್ಟು ಹೋಲಿಸುತ್ತೇನೆ. ಅದಕ್ಕೂ ಮೊದಲು ಪಟ್ಟಿಯ ಬಳಿಯ ಕಪ್ಪು ಹಿನ್ನೆಲೆಯೂ ಗುರುತಿನ ಬಳಿಯ ಕಪ್ಪೂ ಒಂದೇ ರೀತಿ ಕಾಣುತ್ತವೆಯೇ ಎಂದು ನೋಡುತ್ತೇನೆ. ಒಂದು ಕಡೆ ಬೂದು ಬಣ್ಣವಾಗಿದ್ದರೆ ಅಲ್ಲಿ ಪ್ರತಿಫಲನ ಸೇರಿದೆ, ಹೋಲಿಕೆ ಕೆಡುತ್ತದೆ.

ಅಂಚುಗಳಲ್ಲಿ ಇನ್ನೊಂದು ತೊಡಕು. ಫೋಟೊ ಫೈಲು ಹೊಳಪನ್ನು ಸೂಕ್ಷ್ಮವಾಗಿ ಉಳಿಸಿ ಬಣ್ಣವನ್ನು ಒರಟಾಗಿ ಇಡುತ್ತದೆ. ಕೆಂಪು, ನೀಲಿ ಅಕ್ಕಪಕ್ಕ ಬಂದರೆ ನಡುವೆ ನೇರಳೆಯ ತೆಳುಗೆರೆ ಹುಟ್ಟುತ್ತದೆ. ಬಹಳಷ್ಟು ಪಟ್ಟಿಗಳಲ್ಲಿ ನೇರಳೆ ಎಂದರೆ ಅತಿ ಜೋರಿನ ಮಳೆ ಅಥವಾ ಆಲಿಕಲ್ಲು. ನಿಜವಾದ ತೀವ್ರ ಭಾಗ ಒಳಗಿರುತ್ತದೆ, ಹೊರಗಿನಿಂದ ಹಸಿರು, ಹಳದಿ, ಕೆಂಪು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ ಅಲ್ಲಿಗೆ ತಲುಪುತ್ತದೆ. ಅಂಚಿಗಷ್ಟೇ ಅಂಟಿಕೊಂಡ ನೇರಳೆಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆ ಫೋಟೊದಲ್ಲಿ ವಾಯವ್ಯಕ್ಕಿದ್ದ ಮೋಡದ ನಡುಭಾಗ ಕಿತ್ತಳೆಯಾಗಿತ್ತು. ಪಟ್ಟಿಯಲ್ಲಿ ಅದು 44ರಿಂದ 48ರ ಮನೆಗೆ ಹೊಂದಿತು. ನಡುವಿನ 46 ಹಿಡಿದೆ. ಮಳೆಗೆ ಬದಲಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರ ಹೀಗಿದೆ:

```
Z = 200 × R^1.6
dBZ = 10 × log10(Z)
```

ಇಲ್ಲಿ Z ಎಂದರೆ ಪ್ರತಿಧ್ವನಿಯ ಬಲ, R ಎಂದರೆ ಗಂಟೆಗೆ ಎಷ್ಟು ಮಿ.ಮೀ. ಮಳೆ ಎಂಬುದು. 46ಕ್ಕೆ Z ಸುಮಾರು 39,800, R ಸುಮಾರು 27. ಇದೇ ಲೆಕ್ಕದಲ್ಲಿ 30 dBZಗೆ ಗಂಟೆಗೆ 2.7 ಮಿ.ಮೀ., 40ಕ್ಕೆ 11.5, 50ಕ್ಕೆ 49 ಬರುತ್ತದೆ. ಹತ್ತರ ಪ್ರತಿ ಏರಿಕೆಗೂ ಮಳೆ ನಾಲ್ಕು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಹೀಗಾಗಿ ಪಟ್ಟಿಯ ಕೆಳತುದಿಯಲ್ಲಿ ಒಂದು ಬಣ್ಣ ತಪ್ಪಿದರೆ ಹೆಚ್ಚು ಹಾನಿಯಿಲ್ಲ. ಮೇಲ್ತುದಿಯಲ್ಲಿ ತಪ್ಪಿದರೆ ಉತ್ತರವೇ ಬುಡಮೇಲಾಗುತ್ತದೆ.

ಈ 27ನ್ನು ನಾನು ಅಂದಾಜೆಂದಷ್ಟೇ ಹೇಳುತ್ತೇನೆ. ರೇಡಾರ್‌ಗೆ ಮರಳುವ ಪ್ರತಿಧ್ವನಿ ಹನಿಯ ವ್ಯಾಸದ ಆರನೇ ಘಾತಕ್ಕೆ ಅನುಗುಣವಾಗಿರುತ್ತದೆ. 2 ಮಿ.ಮೀ. ವ್ಯಾಸದ ಒಂದು ಹನಿ, 1 ಮಿ.ಮೀ. ವ್ಯಾಸದ 64 ಹನಿಗಳಷ್ಟು ಪ್ರತಿಧ್ವನಿ ಕೊಡುತ್ತದೆ; ಆದರೆ ಅದರಲ್ಲಿರುವ ನೀರು ಎಂಟು ಹನಿಗಳಷ್ಟೇ. ಹಾಗಾಗಿ ವಿರಳವಾದ ದಪ್ಪ ಹನಿಗಳ ಮಳೆ ಪರದೆಯಲ್ಲಿ ಇರುವುದಕ್ಕಿಂತ ಜೋರಾಗಿ ಕಾಣುತ್ತದೆ, ದಟ್ಟವಾದ ಸಣ್ಣ ಹನಿಗಳದು ಮಂದವಾಗಿ ಕಾಣುತ್ತದೆ. 53 dBZ ದಾಟಿದರೆ ಆಲಿಕಲ್ಲು ಬೆರೆತಿರಬಹುದೆಂದು ಎಣಿಸಿ, ಸೂತ್ರ ಕೊಡುವ ದೊಡ್ಡ ಅಂಕಿಯನ್ನು ಮಳೆಯೆಂದು ಹೇಳುವುದನ್ನು ನಿಲ್ಲಿಸುತ್ತೇನೆ.

ಫೋಟೊ ಓರೆಯಾಗಿ ತೆಗೆದದ್ದಾಗಿತ್ತು. ಇಂಥದ್ದರಲ್ಲಿ ಸ್ಕೇಲು ಇಟ್ಟು ಅಳೆದರೆ ದೂರ ತಪ್ಪುತ್ತದೆ. ಪರದೆಯಲ್ಲಿರುವ ದೂರದ ವೃತ್ತಗಳೂ ಅದೇ ರೀತಿ ಓರೆಯಾಗಿರುವುದರಿಂದ ಅವುಗಳ ನಡುವೆಯೇ ಅಂದಾಜಿಸಬೇಕು. ಮೋಡ 120 ಕಿ.ಮೀ. ದೂರದಲ್ಲಿತ್ತು, ಕಿತ್ತಳೆ ಭಾಗದ ಅಗಲ ಸುಮಾರು 6 ಕಿ.ಮೀ. ಒಂದೇ ಚಿತ್ರದಲ್ಲಿ ಚಲನೆ ಕಾಣದು. ಇಪ್ಪತ್ತು ನಿಮಿಷದ ನಂತರದ ಇನ್ನೊಂದು ಫೋಟೊ ತರಿಸಿಕೊಂಡೆ. ಗುರುತು 10 ಕಿ.ಮೀ. ಸರಿದಿತ್ತು, ಅಂದರೆ ವೇಗ ಗಂಟೆಗೆ 30 ಕಿ.ಮೀ. ಆ ವೇಗದಲ್ಲಿ ಕಿತ್ತಳೆ ಭಾಗ ಒಂದು ಜಾಗವನ್ನು ದಾಟಲು ಹನ್ನೆರಡು ನಿಮಿಷ ಬೇಕು. ಅಷ್ಟರಲ್ಲಿ ಬೀಳುವುದು ಐದಾರು ಮಿ.ಮೀ. ಮಾತ್ರ. ಇದೇ ಬಣ್ಣ ಕದಲದೆ ನಿಂತಿದ್ದರೆ, ಅಥವಾ ಒಂದರ ಹಿಂದೊಂದು ಮೋಡ ಅದೇ ದಾರಿಯಲ್ಲಿ ಬಂದಿದ್ದರೆ, ನನ್ನ ಉತ್ತರ ಬೇರೆಯಾಗಿರುತ್ತಿತ್ತು.

ಇನ್ನು MAX(Z)ನ ಮಾತು. ಪ್ರತಿ ಜಾಗದ ಮೇಲೆ ಯಾವುದೋ ಎತ್ತರದಲ್ಲಿ ಸಿಕ್ಕ ಅತಿ ಹೆಚ್ಚಿನ ಅಂಕಿಯನ್ನು ಅದು ತೋರಿಸುತ್ತದೆ. ಆ 46 ನೆಲದ ಬಳಿಯದೋ, ಐದು ಕಿ.ಮೀ. ಮೇಲಿನದೋ ಎಂಬುದು ನೆತ್ತಿಯಿಂದ ನೋಡಿದ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಮೇಲೆ ಸಿಕ್ಕ ಮಳೆ ಒಣಗಾಳಿಯಲ್ಲಿ ಆವಿಯಾಗಿ ನೆಲ ಮುಟ್ಟದೇ ಇರಬಹುದು. ಆದ್ದರಿಂದ 0.5 ಡಿಗ್ರಿಯ ಒಂದೇ ಕೋನದಲ್ಲಿ ಸುತ್ತುವ ಕಿರಣ ಕಂಡದ್ದನ್ನಷ್ಟೇ ತೋರಿಸುವ PPI ಚಿತ್ರವನ್ನೂ ಕೇಳಿದೆ. ಅಷ್ಟು ಕೆಳಗಿನ ಕಿರಣವೂ ಭೂಮಿಯ ಬಾಗು ಸೇರಿ 120 ಕಿ.ಮೀ. ದೂರದಲ್ಲಿ ಸುಮಾರು 1.9 ಕಿ.ಮೀ. ಎತ್ತರದಲ್ಲಿರುತ್ತದೆ, 200 ಕಿ.ಮೀ.ನಲ್ಲಿ 4 ಕಿ.ಮೀ. ದಾಟುತ್ತದೆ. PPIಯಲ್ಲಿ ಅದೇ ಜಾಗ 40ರ ಹಳದಿಯಾಗಿತ್ತು. ಗಂಟೆಗೆ ಹನ್ನೊಂದು ಹನ್ನೆರಡು ಮಿ.ಮೀ. ವೇಗದ ಮಳೆ, ಒಟ್ಟು ಎರಡು ಮೂರು ಮಿ.ಮೀ. ಎಂದು ಉತ್ತರ ಬರೆದೆ.